ಗ್ಯಾಸ್ ಗೀಸರ್ ಹೊತ್ತಿಕೊಳ್ಳುತ್ತಿಲ್ಲವೇ? ಮೊದಲು ಟಿಕ್ ಟಿಕ್ ಕೇಳಿಸುತ್ತಾ ನೋಡಿ

ಹೋದ ಡಿಸೆಂಬರ್‌ನಲ್ಲಿ ನಮ್ಮ ಮೈಸೂರಿನ ಮನೆಯ ಗ್ಯಾಸ್ ಗೀಸರ್ ಒಂದು ವಿಚಿತ್ರ ಆಟ ಶುರು ಮಾಡಿತು. ಬೆಳಿಗ್ಗೆ ಆರೂವರೆಗೆ ನಲ್ಲಿ ತಿರುಗಿಸಿದರೆ ಹೊತ್ತಿಕೊಳ್ಳುವುದಿಲ್ಲ. ಸಂಜೆ ಏಳಕ್ಕೆ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಭಗ್ ಅಂತ ಹತ್ತುತ್ತದೆ. ಚಳಿಗೆ ಹೀಗಾಗುತ್ತದೆ ಅಂತ ಅಮ್ಮ. ಸೆಲ್ ಹೋಗಿದೆ ಅಂತ ನಾನು. ಎರಡು ಹೊಸ ಸೆಲ್ ಹಾಕಿದೆ. ಎರಡು ದಿನ ಚೆನ್ನಾಗಿ ನಡೆಯಿತು. ನೋಡಿದ್ರಾ, ನಾನು ಹೇಳಲಿಲ್ವಾ ಅಂತ ಬೀಗುವಷ್ಟರಲ್ಲಿ ಮೂರನೇ ಬೆಳಿಗ್ಗೆ ಮತ್ತೆ ತಣ್ಣೀರು.

ಆ ಎರಡು ದಿನ ಯಾಕೆ ನಡೆಯಿತು ಅನ್ನುವುದು ಆಮೇಲೆ ಗೊತ್ತಾಯಿತು. ಅಕ್ಕಪಕ್ಕದಲ್ಲಿ ಏನೋ ಕಾರ್ಯಕ್ರಮ ಇತ್ತು ಅಂತ ಕೆಳಗಡೆ ಮನೆಯವರು ರಾತ್ರಿಯೇ ಮೋಟರ್ ಹಾಕಿ ಟ್ಯಾಂಕ್ ತುಂಬಿಸಿಟ್ಟಿದ್ದರು. ಸೆಲ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಗೀಸರ್ ಹೊತ್ತಿಕೊಳ್ಳದಿದ್ದರೆ ಎಲ್ಲರ ಕಣ್ಣೂ ಗ್ಯಾಸ್ ಕಡೆ, ಸೆಲ್ ಕಡೆ ಹೋಗುತ್ತದೆ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ಕಳ್ಳ ಇರುವುದು ನೀರಿನ ಕಡೆ.

ನಲ್ಲಿ ತಿರುಗಿಸಿದಾಗ ಒಳಗೆ ಏನಾಗುತ್ತದೆ

ಮೊದಲು ಇದು ತಿಳಿದಿರಲಿ, ಉಳಿದಿದ್ದೆಲ್ಲ ಇದರ ಮೇಲೆಯೇ ನಿಂತಿದೆ. ಗೀಸರ್‌ನ ಕೆಳಭಾಗದಲ್ಲಿ ನೀರು ಒಳಗೆ ಬರುವ ಕಡೆ ಹಿತ್ತಾಳೆಯ ಅಥವಾ ಅಲ್ಯೂಮಿನಿಯಂನ ಒಂದು ದುಂಡನೆಯ ಡಬ್ಬಿ ಇರುತ್ತದೆ. ಅದರ ನಡುವೆ ಒಂದು ರಬ್ಬರ್ ಬಿಲ್ಲೆ ಡಬ್ಬಿಯನ್ನು ಎರಡು ಕೋಣೆಯಾಗಿ ಭಾಗ ಮಾಡುತ್ತದೆ. ಇದೇ ಡಯಾಫ್ರಮ್. ನೀರು ಒಂದು ಕೋಣೆಯಿಂದ ಹರಿದು, ಒಂದು ಕಿರಿದಾದ ಗಂಟಲಿನ ಮೂಲಕ ಆಚೆ ಹೋಗುತ್ತದೆ. ಕಿರಿದಾದ ಜಾಗದಲ್ಲಿ ನೀರು ಜೋರಾಗಿ ಓಡುವುದರಿಂದ ಅಲ್ಲಿ ಒತ್ತಡ ಕಮ್ಮಿಯಾಗುತ್ತದೆ. ಆ ಕಮ್ಮಿ ಒತ್ತಡ ಒಂದು ಸಣ್ಣ ತೂತಿನ ಮೂಲಕ ಬಿಲ್ಲೆಯ ಇನ್ನೊಂದು ಕಡೆಯ ಕೋಣೆಗೆ ತಲುಪುತ್ತದೆ. ಒಂದು ಕಡೆ ಒತ್ತಡ ಜಾಸ್ತಿ, ಇನ್ನೊಂದು ಕಡೆ ಕಮ್ಮಿ. ಬಿಲ್ಲೆ ಉಬ್ಬಿ ಒಂದು ಸಣ್ಣ ಕಡ್ಡಿಯನ್ನು ತಳ್ಳುತ್ತದೆ.

ಆ ಕಡ್ಡಿ ಎರಡು ಕೆಲಸ ಮಾಡುತ್ತದೆ. ಗ್ಯಾಸಿನ ವಾಲ್ವ್ ತೆರೆಯುತ್ತದೆ, ಮತ್ತು ಪಕ್ಕದ ಪುಟ್ಟ ಮೈಕ್ರೋ ಸ್ವಿಚ್ಚನ್ನು ಎಬ್ಬಿಸುತ್ತದೆ. ಸ್ವಿಚ್ ಎದ್ದ ಕೂಡಲೇ ಸೆಲ್‌ನಿಂದ ಕಿಡಿ ಹಾರತೊಡಗುತ್ತದೆ. ಅದೇ ಟಿಕ್ ಟಿಕ್ ಟಿಕ್. ಜೊತೆಗೆ ಸೊಲೆನಾಯ್ಡ್ ಅನ್ನುವ, ಕರೆಂಟಿನಿಂದ ತೆರೆಯುವ ಇನ್ನೊಂದು ಗ್ಯಾಸ್ ಬಾಗಿಲೂ ತೆರೆಯುತ್ತದೆ. ಬೆಂಕಿ ಹತ್ತುತ್ತದೆ. ಬೆಂಕಿಯೊಳಗೆ ಮೂತಿ ಚಾಚಿಕೊಂಡಿರುವ ಒಂದು ಕಡ್ಡಿ, ಅಂದರೆ ಫ್ಲೇಮ್ ಸೆನ್ಸರ್, ಬೆಂಕಿ ಇದೆ ಅಂತ ಗುರುತಿಸಿದರೆ ಸೊಲೆನಾಯ್ಡ್ ತೆರೆದೇ ಇರುತ್ತದೆ. ಇಲ್ಲ ಅಂದರೆ ಕೆಲವೇ ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ.

ಅಂದರೆ ನೀರು ಬಿಲ್ಲೆಯನ್ನು ತಳ್ಳದಿದ್ದರೆ ಗ್ಯಾಸೂ ಇಲ್ಲ, ಕಿಡಿಯೂ ಇಲ್ಲ. ಅದಕ್ಕೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುವಾಗ ಇನ್ನೊಬ್ಬರನ್ನು ಗೀಸರ್ ಹತ್ತಿರ ನಿಲ್ಲಿಸಿ ಕೇಳಿ: ಟಿಕ್ ಟಿಕ್ ಬರ್ತಿದೆಯಾ, ಇಲ್ವಾ? ಬರುತ್ತಿದ್ದೂ ಬೆಂಕಿ ಹತ್ತದಿದ್ದರೆ ಗ್ಯಾಸಿನ ಕಡೆ ನೋಡಿ. ಟಿಕ್ ಟಿಕ್ಕೇ ಇಲ್ಲದಿದ್ದರೆ ಸೆಲ್ ಅಥವಾ ನೀರು.

ಟಿಕ್ ಟಿಕ್ ಇಲ್ಲ: ಸೆಲ್ಲಾ, ನೀರಾ?

ಇದನ್ನು ಬೇರೆ ಮಾಡುವ ಒಂದು ಸುಲಭದ ದಾರಿ ಇದೆ. ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡಿ. ಇದನ್ನು ಮರೆಯಬೇಡಿ, ಮುಂದಿನ ಕೆಲಸವೆಲ್ಲ ಗ್ಯಾಸ್ ಮುಚ್ಚಿಯೇ ಮಾಡುವುದು. ಮುಂದಿನ ಗುಂಡಿಗಳನ್ನು ಎಳೆದು ತೆಗೆದು, ಸ್ಕ್ರೂ ಬಿಚ್ಚಿ, ಮುಂಭಾಗದ ತಗಡನ್ನು ಕಳಚಿ. ಗುಂಡಿಗೋ ತಗಡಿಗೋ ವೈರ್ ಇದ್ದರೆ ಜೋಪಾನ. ಕಡ್ಡಿ ಹೊರಗೆ ಬರುವ ಜಾಗದಲ್ಲಿ ಬೆಂಕಿಪೊಟ್ಟಣದ ಕಾಲು ಭಾಗದಷ್ಟು ದೊಡ್ಡ ಕಪ್ಪು ಸ್ವಿಚ್ ಕಾಣುತ್ತದೆ. ಅದರ ತೆಳ್ಳನೆಯ ನಾಲಿಗೆಯನ್ನು ಬೆರಳಿನಿಂದ ಅತ್ತಿತ್ತ ಆಡಿಸಿ. ಕೆಲವು ಗೀಸರ್‌ನಲ್ಲಿ ಒತ್ತಿದರೆ, ಕೆಲವದರಲ್ಲಿ ಬಿಟ್ಟರೆ ಕಿಡಿ ಬರುತ್ತದೆ.

ಬೆರಳಿಗೆ ಟಿಕ್ ಟಿಕ್ ಬಂದರೆ ಕಿಡಿಗೆ ಸಾಲುವಷ್ಟು ಸೆಲ್ ಇದೆ, ವೈರ್, ಕಿಡಿ ಪೆಟ್ಟಿಗೆಯೂ ಸರಿ ಇದೆ ಎಂದರ್ಥ. ನೀರು ಮಾಡಬೇಕಾದ ಕೆಲಸವನ್ನು ನಿಮ್ಮ ಬೆರಳು ಮಾಡಿತು, ಅಷ್ಟೇ. ಬೆರಳಿಗೂ ಬರದಿದ್ದರೆ ಮಾತ್ರ ಸೆಲ್ ನೋಡಿ. ಸಾಮಾನ್ಯವಾಗಿ ದಪ್ಪ ಟಾರ್ಚ್ ಸೆಲ್ ಎರಡು ಇರುತ್ತವೆ, ಒಂದೊಂದು 1.5 ವೋಲ್ಟ್. ಬಚ್ಚಲಿನ ತೇವಕ್ಕೆ ಡಬ್ಬಿಯೊಳಗಿನ ಸ್ಪ್ರಿಂಗ್ ಹಸಿರು ಹಿಡಿದಿರುತ್ತದೆ. ಉಪ್ಪು ಕಾಗದದಿಂದ ಉಜ್ಜಿ, ಹೊಸ ಸೆಲ್ ಹಾಕಿ, ಕೂಡಿಸುವ ದಿಕ್ಕು ನೋಡಿ. ಟಿವಿ ರಿಮೋಟಿಗೆ, ಗೋಡೆ ಗಡಿಯಾರಕ್ಕೆ ಓಡುವ ಹಳೆ ಸೆಲ್ ಇಲ್ಲಿ ಸಾಲದು. ಸೊಲೆನಾಯ್ಡ್ ಎಳೆಯಲು ಜಾಸ್ತಿ ಶಕ್ತಿ ಬೇಕು.

ನಮ್ಮ ಮನೆಯಲ್ಲಿ ಬೆರಳಿಗೆ ಟಿಕ್ ಟಿಕ್ ಬಂತು. ಸೆಲ್‌ಗೆ ಕೊಟ್ಟ ದುಡ್ಡು ದಂಡ.

ಬಕೆಟ್ ಲೆಕ್ಕ

ಮುಂದಿನದು ನೀರಿನ ರಭಸ. ಇದಕ್ಕೆ ಒಂದು ಅಳತೆಯ ಬಕೆಟ್ಟೂ ಮೊಬೈಲಿನ ಗಡಿಯಾರವೂ ಸಾಕು. ಶವರಿನಲ್ಲಿ ಅಲ್ಲ, ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದು ಒಂದು ನಿಮಿಷ ಹಿಡಿಯಿರಿ. ಮನೆಗಳಲ್ಲಿರುವ 5–6 ಲೀಟರಿನ ಗೀಸರ್‌ಗಳಿಗೆ ಸಾಧಾರಣವಾಗಿ ನಿಮಿಷಕ್ಕೆ 2.5ರಿಂದ 3 ಲೀಟರ್ ಹರಿದರೆ ಮಾತ್ರ ಬಿಲ್ಲೆ ಏಳುತ್ತದೆ. ಅದಕ್ಕಿಂತ ಕಮ್ಮಿ ಇದ್ದರೆ ಗೀಸರ್ ಸುಮ್ಮನಿರುವುದೇ ಸರಿ, ಅದು ದೋಷ ಅಲ್ಲ.

ನಾನು ಬೆಳಿಗ್ಗೆ ಹಿಡಿದಾಗ ಎರಡೂವರೆ ಲೀಟರೂ ಮುಟ್ಟಲಿಲ್ಲ. ಸಂಜೆ ಮೋಟರ್ ಹಾಕಿದ ಮೇಲೆ ಮೂರೂವರೆ. ಬೆಳಿಗ್ಗೆ ಸಂಜೆ ಯಾಕೆ ಈ ವ್ಯತ್ಯಾಸ? ನಮ್ಮದು ಮೇಲಿನ ಮಹಡಿ. ನಮ್ಮ ತಾರಸಿಯ ಮೇಲೇ ಟ್ಯಾಂಕ್. ನೀರು ಎಷ್ಟು ಎತ್ತರದಿಂದ ಇಳಿಯುತ್ತದೋ ಅಷ್ಟು ಒತ್ತಡ. ಪ್ರತಿ ಒಂದು ಮೀಟರ್ ಎತ್ತರಕ್ಕೆ 0.1 ಬಾರ್. ಗೀಸರ್ ನೆಲದಿಂದ 5 ಅಡಿ ಮೇಲಿದೆ, ತಾರಸಿ 10 ಅಡಿ, ಟ್ಯಾಂಕ್ ಕೂತಿರುವ ಕಟ್ಟೆ 2 ಅಡಿ. ಟ್ಯಾಂಕಿನ ತಳದಲ್ಲಿ ನೀರಿದ್ದಾಗ ಗೀಸರಿಗೆ ಸಿಗುವುದು 7 ಅಡಿಯ ಎತ್ತರ, ಹೆಚ್ಚುಕಮ್ಮಿ 2 ಮೀಟರ್. ತುಂಬಿದ್ದರೆ ಇನ್ನೂ 3 ಅಡಿ ಸೇರಿ 3 ಮೀಟರ್. ಅಂದರೆ ರಾತ್ರಿಯೆಲ್ಲ ಬಳಸಿ ತಳ ಹಿಡಿದ ಟ್ಯಾಂಕಿನಿಂದ ಬೆಳಿಗ್ಗೆ ಸಿಗುವ ಒತ್ತಡ ಮೂರರಲ್ಲಿ ಒಂದು ಪಾಲು ಕಮ್ಮಿ. ನೆಲಮಹಡಿಯವರಿಗೆ ಇದೇ ಟ್ಯಾಂಕಿನಿಂದ ಇನ್ನೂ 10 ಅಡಿ ಸಿಗುತ್ತದೆ. ಅವರ ಗೀಸರ್ ಯಾಕೆ ಯಾವತ್ತೂ ತಕರಾರು ಮಾಡುವುದಿಲ್ಲ ಅಂತ ಹೊಟ್ಟೆಕಿಚ್ಚು ಪಡುವುದರಲ್ಲಿ ಅರ್ಥವಿಲ್ಲ.

ಎತ್ತರ ಬದಲಾಯಿಸಲು ಆಗದು. ದಾರಿಯಲ್ಲಿರುವ ಅಡ್ಡಿ ತೆಗೆಯಬಹುದು. ಗೀಸರಿಗೆ ನೀರು ಬರುವ ಕಡೆ ಪೈಪಿನ ನಟ್ಟು ಬಿಚ್ಚಿದರೆ ಒಳಗೆ ಹೆಬ್ಬೆರಳಿನ ಉಗುರಿನಷ್ಟು ಜಾಲರಿ ಇರುತ್ತದೆ. ನೀರು ನಿಲ್ಲಿಸಿ ಅದನ್ನು ತೆಗೆದೆ. ಅರ್ಧ ಭಾಗ ಮರಳು, ಟ್ಯಾಂಕಿನಿಂದ ಕಿತ್ತು ಬಂದ ಪ್ಲಾಸ್ಟಿಕ್ ಚೂರು, ಬೋರ್ ನೀರಿನ ಬಿಳಿ ಪುಡಿ. ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆದು ಹಾಕಿದೆ. ಬೆಳಿಗ್ಗೆ ಮೂರು ಲೀಟರಿಗೆ ಏರಿತು. ಗೀಸರ್ ಮೇಲಿನ ನೀರಿನ ಗುಂಡಿಯೂ ಹರಿವನ್ನು ಕಮ್ಮಿ ಜಾಸ್ತಿ ಮಾಡುತ್ತದೆ, ಅದನ್ನು ಪೂರ್ತಿ ತೆರೆದ ಕಡೆಗೇ ಇಟ್ಟೆ. ಶವರಿನ ತೂತುಗಳೂ ಗಡಸು ನೀರಿಗೆ ಮುಚ್ಚಿಕೊಂಡಿರುತ್ತವೆ. ನಲ್ಲಿಯಲ್ಲಿ ಹತ್ತಿ, ಶವರಿನಲ್ಲಿ ಹತ್ತದ ಗೀಸರ್‌ಗೆ ಕಾರಣ ಹುಡುಕಲು ಬೇರೆ ಕಡೆ ಹೋಗಬೇಕಿಲ್ಲ.

ಇನ್ನೊಂದು ಅಭ್ಯಾಸ. ನೀರು ಸುಡುತ್ತಿದೆ ಅಂತ ಪಕ್ಕದ ತಣ್ಣೀರಿನ ನಲ್ಲಿ ತೆರೆದ ಕೂಡಲೇ ಗೀಸರ್ ಆರಿಹೋಗುತ್ತದೆ, ಅಲ್ವಾ? ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ನುಗ್ಗಿ ಬಿಸಿನೀರಿನ ಹರಿವನ್ನು ತಡೆಯುತ್ತದೆ, ಬಿಲ್ಲೆ ಕೂತುಬಿಡುತ್ತದೆ. ತಣ್ಣೀರು ಬೆರೆಸುವ ಬದಲು ಗ್ಯಾಸಿನ ಗುಂಡಿಯನ್ನು ತಗ್ಗಿಸಿ.

ಬಿಲ್ಲೆ ಬಿಚ್ಚಿದ ಭಾನುವಾರ

ಈಗ ಮೂರು ಲೀಟರ್ ಬರುತ್ತಿದೆ, ಬೆರಳಿಗೆ ಕಿಡಿಯೂ ಬರುತ್ತಿದೆ. ಆದರೂ ಬೆಳಿಗ್ಗೆ ಹೊತ್ತಿಕೊಳ್ಳುತ್ತಿಲ್ಲ. ಐದು ವರ್ಷದಿಂದ ಇದೇ ಟ್ಯಾಂಕ್, ಇದೇ ಎತ್ತರ, ಹಿಂದೆಲ್ಲ ಹತ್ತುತ್ತಿತ್ತು. ಅಂದ ಮೇಲೆ ಉಳಿದಿದ್ದು ಬಿಲ್ಲೆ.

ಡಯಾಫ್ರಮ್ ಸವೆಯುವುದು ಒಂದೇ ದಿನದಲ್ಲಿ ಅಲ್ಲ. ಮೊದಲು ಕಾಲುಭಾಗ ನಲ್ಲಿ ತೆರೆದರೂ ಹತ್ತುತ್ತಿದ್ದುದು, ಆಮೇಲೆ ಪೂರ್ತಿ ತೆರೆದರೆ ಮಾತ್ರ. ಆಮೇಲೆ ಅಡಿಗೆಮನೆಯಲ್ಲಿ ಯಾರಾದರೂ ನಲ್ಲಿ ತೆರೆದರೆ ಆರುವುದು. ಕೊನೆಗೆ ಟ್ಯಾಂಕ್ ತುಂಬಿದ್ದರೆ ಮಾತ್ರ. ನಾವು ಪ್ರತಿ ಹಂತಕ್ಕೂ ಹೊಂದಿಕೊಳ್ಳುತ್ತಾ ಹೋಗಿರುತ್ತೇವೆ, ಅದಕ್ಕೇ ಗೊತ್ತಾಗುವುದಿಲ್ಲ. ರಬ್ಬರಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಸಾಕು. ಒತ್ತಡ ಜಾಸ್ತಿ ಇರುವ ಕೋಣೆಯಿಂದ ಕಮ್ಮಿ ಇರುವ ಕೋಣೆಗೆ ನೀರು ಸೋರಿ ಎರಡೂ ಕಡೆ ಸಮನಾಗುತ್ತಾ ಬರುತ್ತದೆ. ತಳ್ಳುವ ಬಲ ಕುಗ್ಗುತ್ತದೆ. ಸಂಜೆಯ ಜೋರು ನೀರಿಗೆ ಈ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ, ಬೆಳಗಿನ ಮಂದ ನೀರಿಗೆ ಬರುತ್ತದೆ.

ಬಿಚ್ಚುವ ಮುಂಚೆ: ರೆಗ್ಯುಲೇಟರ್ ಆಫ್, ಸೆಲ್ ಹೊರಗೆ, ಗೀಸರಿನ ನೀರಿನ ವಾಲ್ವ್ ಬಂದ್, ಬಿಸಿನೀರಿನ ನಲ್ಲಿ ತೆರೆದು ಒಳಗಿನ ನೀರು ಖಾಲಿ. ಕೆಳಗೆ ಒಂದು ಬಕೆಟ್ ಇಡಿ, ಎಷ್ಟೇ ಖಾಲಿ ಮಾಡಿದರೂ ಒಂದು ಚೊಂಬು ನೀರು ಮೈಮೇಲೆ ಸುರಿಯುತ್ತದೆ. ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿ.

ಇಲ್ಲಿ ಒಂದು ಗಡಿ ಹಾಕಿಕೊಳ್ಳಬೇಕು. ನೀರಿನ ಡಬ್ಬಿಗೆ ಅಂಟಿಕೊಂಡೇ ಗ್ಯಾಸಿನ ವಾಲ್ವ್ ಇರುತ್ತದೆ. ನೀರಿನ ಡಬ್ಬಿಯ ಮುಚ್ಚಳದ ಸ್ಕ್ರೂಗಳನ್ನು ಮಾತ್ರ ಬಿಚ್ಚಿ ಬಿಲ್ಲೆ ತೆಗೆಯಬಹುದಾದ ಗೀಸರ್ ಆದರೆ ಮನೆಯಲ್ಲೇ ಮಾಡಬಹುದು. ಗ್ಯಾಸಿನ ಪೈಪು, ಗ್ಯಾಸಿನ ವಾಲ್ವ್ ಸಡಿಲಿಸದೆ ಆಗುವುದಿಲ್ಲ ಅಂತಾದರೆ ಅಲ್ಲಿಗೇ ನಿಲ್ಲಿಸಿ, ಕಂಪನಿಯ ರಿಪೇರಿಯವರನ್ನು ಕರೆಯಿರಿ.

ನಮ್ಮದರಲ್ಲಿ ಸ್ಕ್ರೂಗಳು ಬೋರ್ ನೀರಿಗೆ ಬಿಳಿ ಕಟ್ಟಿ ಕೂತಿದ್ದವು. ಒಂದೊಂದನ್ನೇ ಪೂರ್ತಿ ತೆಗೆಯಲಿಲ್ಲ. ಎದುರುಬದುರು ಇರುವುದನ್ನು ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಹೋದೆ, ಒಳಗೆ ಸ್ಪ್ರಿಂಗ್ ಇರಬಹುದು ಅಂತ. ಮುಚ್ಚಳ ಬಂತು. ಕಪ್ಪು ಬಿಲ್ಲೆ, ಮಧ್ಯೆ ಒಂದು ತಟ್ಟೆ, ತಟ್ಟೆಗೆ ಕಡ್ಡಿ. ಬಿಲ್ಲೆಯ ಯಾವ ಮುಖ ಯಾವ ಕಡೆ ಇತ್ತು ಅಂತ ನೋಡಿಟ್ಟುಕೊಂಡೆ. ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಇಲ್ಲೇ ತುಂಬಾ ಜನ ಮೋಸ ಹೋಗುವುದು. ತೊಳೆದು ವಾಪಸ್ ಹಾಕಿಬಿಡುತ್ತಾರೆ.

ಕಿಟಕಿಯ ಬೆಳಕಿಗೆ ಹಿಡಿದೆ. ಏನೂ ಕಾಣಲಿಲ್ಲ. ಎರಡು ಹೆಬ್ಬೆರಳಿನಿಂದ ನಿಧಾನಕ್ಕೆ ಹಿಗ್ಗಿಸುತ್ತಾ ಸುತ್ತ ತಿರುಗಿಸಿದೆ. ಅಂಚಿನ ದಪ್ಪ ಉಂಗುರಕ್ಕೂ ತೆಳು ಭಾಗಕ್ಕೂ ನಡುವಿನ ಮಡಿಕೆಯಲ್ಲಿ, ದೋಸೆಯಲ್ಲಿ ತೂತು ಬಿದ್ದ ಹಾಗೆ, ಅಕ್ಕಿಕಾಳಿನ ಅರ್ಧದಷ್ಟು ಬಿರುಕು ಬಾಯಿ ಬಿಟ್ಟಿತು. ಕೈ ಬಿಟ್ಟರೆ ಮುಚ್ಚಿಕೊಂಡಿತು. ಪ್ರತಿ ಸಲ ನಲ್ಲಿ ತೆರೆದಾಗಲೂ ಬಾಗುವುದು ಆ ಮಡಿಕೆಯೇ, ಮೊದಲು ಸವೆಯುವುದೂ ಅಲ್ಲೇ. ತೂತು ಇಲ್ಲದಿದ್ದರೂ ರಬ್ಬರ್ ಗಟ್ಟಿಯಾಗಿ ತೊಗಲಿನ ಹಾಗಾಗಿದ್ದರೆ, ಅಥವಾ ಒಂದು ಕಡೆ ಉಬ್ಬಿಕೊಂಡು ಚಪ್ಪಟೆಗೆ ಬರದಿದ್ದರೆ ಅದೂ ಬದಲಾಯಿಸಬೇಕಾದದ್ದೇ.

ಅಂಗಡಿಗೆ ಹೋಗುವಾಗ ಹಳೇ ಬಿಲ್ಲೆಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಒಂದೊಂದು ಗೀಸರಿಗೆ ಒಂದೊಂದು ಅಳತೆ. ಅಂಚಿನ ದಪ್ಪ ಅಡ್ಡಗಲ ಎರಡೂ ಸರಿ ಕೂಡಬೇಕು. ಒಂದು ಮಿಲಿಮೀಟರ್ ಚಿಕ್ಕದಿದ್ದರೂ ಅಂಚಿನಲ್ಲಿ ಸೋರುತ್ತದೆ. ನನಗೆ ನೂರೈವತ್ತು ರೂಪಾಯಿಯೂ ಆಗಲಿಲ್ಲ. ಅಂಗಡಿಯವರು, "ಸರ್, ಸೈಕಲ್ ಪಂಚರ್ ಸಲ್ಯೂಷನ್ ಹಾಕಿ ಅಂಟಿಸ್ಕೊಂಡು ಬಂದಿದ್ರು ಒಬ್ರು" ಅಂತ ನಕ್ಕರು. ಆ ಪ್ಯಾಚ್ ಬಿಲ್ಲೆಯನ್ನು ಬಿರುಸು ಮಾಡುತ್ತದೆ, ಕಡ್ಡಿ ಪೂರ್ತಿ ಏಳುವುದೂ ಇಲ್ಲ, ಪೂರ್ತಿ ಕೂರುವುದೂ ಇಲ್ಲ.

ಹೊಸದನ್ನು ಹಾಕುವ ಮುಂಚೆ ಡಬ್ಬಿಯೊಳಗಿನ ಬಿಳಿ ಕಲ್ಲನ್ನು ಉಜ್ಜಿ, ಕಿರಿದಾದ ಗಂಟಲಿನಿಂದ ಬರುವ ಆ ಸಣ್ಣ ತೂತನ್ನು ನೋಡಿ. ಅದು ಮುಚ್ಚಿದ್ದರೆ ಹೊಸ ಬಿಲ್ಲೆಯೂ ಏಳುವುದಿಲ್ಲ. ಪಿನ್ನು ತುರುಕಿ ತೂತು ದೊಡ್ಡದು ಮಾಡಬೇಡಿ, ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ ಮೆತ್ತಗಿನ ಬ್ರಷ್ ಆಡಿಸಿದರೆ ಸಾಕು. ಕಡ್ಡಿಯನ್ನು ಒರೆಸಿ, ಬೆರಳಿನಿಂದ ತಳ್ಳಿದರೆ ಸರಾಗ ಹೋಗಿ ತಾನೇ ವಾಪಸ್ ಬರುತ್ತದೆಯೇ ನೋಡಿ. ಕೊಬ್ಬರಿ ಎಣ್ಣೆ, ಮೆಷಿನ್ ಎಣ್ಣೆ ಯಾವುದೂ ಬೇಡ. ರಬ್ಬರ್ ಉಬ್ಬಿ ಹಾಳಾಗುತ್ತದೆ. ಹಾಕಲೇಬೇಕಿದ್ದರೆ ಸಿಲಿಕೋನ್ ಗ್ರೀಸ್ ಒಂದಿಷ್ಟು.

ಮುಚ್ಚಿ, ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಮೊದಲು ನೀರು ಮಾತ್ರ ಬಿಟ್ಟು ಹತ್ತು ನಿಮಿಷ ನೋಡಿದೆ. ಸೋರಲಿಲ್ಲ. ಸೆಲ್ ಹಾಕಿ, ಗ್ಯಾಸ್ ಇಲ್ಲದೆಯೇ ನಲ್ಲಿ ತೆರೆದೆ. ಟಿಕ್ ಟಿಕ್ ಟಿಕ್. ನಲ್ಲಿ ಮುಚ್ಚಿದೆ, ನಿಂತಿತು. ಆಮೇಲೇ ರೆಗ್ಯುಲೇಟರ್ ಆನ್. ಗ್ಯಾಸಿನ ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ, ಹೊತ್ತಿಸಿದೆ. ಮರುದಿನ ಬೆಳಿಗ್ಗೆ ಆರೂವರೆಗೆ, ಟ್ಯಾಂಕಿನ ತಳದ ನೀರಿಗೇ ಹತ್ತಿತು.

ನಲ್ಲಿ ಮುಚ್ಚಿದರೂ ಆರದಿದ್ದರೆ

ಇದು ಮೊದಲಿನದಕ್ಕಿಂತ ಅಪಾಯದ ದೋಷ. ಕಾರಣ ಹೆಚ್ಚಾಗಿ ಅದೇ ಜಾಗದಲ್ಲಿರುತ್ತದೆ. ಕಡ್ಡಿಗೆ ಕಲ್ಲು ಕಟ್ಟಿ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತದೆ. ನೀರು ನಿಂತಿದೆ, ಬೆಂಕಿ ಉರಿಯುತ್ತಿದೆ. ಒಳಗಿನ ತಾಮ್ರದ ಕೊಳವೆಯಲ್ಲಿ ಉಳಿದ ನೀರು ಕುದಿದು ಗೊರಗೊರ ಸದ್ದು ಬರುತ್ತದೆ. ತಕ್ಷಣ ರೆಗ್ಯುಲೇಟರ್ ಆಫ್ ಮಾಡಿ, ಗೀಸರಿನ ಗುಂಡಿ ಹುಡುಕುತ್ತಾ ನಿಲ್ಲಬೇಡಿ. ಒಂದು ಸಲ ಹೀಗಾದ ಗೀಸರನ್ನು ತಟ್ಟಿ ಸರಿಮಾಡಿ ಮತ್ತೆ ಬಳಸಬಾರದು. ಕಡ್ಡಿ ಬಿಚ್ಚಿ ನೋಡಿಸಿದ ಮೇಲೇ.

ಟಿಕ್ ಟಿಕ್ ಇದೆ, ಬೆಂಕಿ ಇಲ್ಲ

ಇದರ ಕಾರಣಗಳು ಸರಳ, ಬೇಗ ಹೇಳಿಬಿಡುತ್ತೇನೆ. ಸಿಲಿಂಡರ್ ಖಾಲಿ. ಹೊಸ ಸಿಲಿಂಡರ್ ಹಾಕಿದ ಮೇಲೆ ಪೈಪಿನಲ್ಲಿ ಗಾಳಿ ತುಂಬಿಕೊಂಡಿದೆ, ಎರಡು ಮೂರು ಸಲ ನಲ್ಲಿ ತೆರೆದು ಮುಚ್ಚಿದರೆ ಹೋಗುತ್ತದೆ. ಪೈಪು ಮಡಿಸಿಕೊಂಡಿದೆ. ಕಿಡಿ ಕಡ್ಡಿಯ ತುದಿಗೆ ಮಸಿ ಹಿಡಿದಿದೆ. ಸೆಲ್ ಕಿಡಿಗೆ ಸಾಲುವಷ್ಟಿದೆ, ಸೊಲೆನಾಯ್ಡ್ ಎಳೆಯುವಷ್ಟಿಲ್ಲ. ಈ ಕೊನೆಯದು ಹೊಸಬರಿಗೆ ಹೊಳೆಯುವುದಿಲ್ಲ.

ಮೂರು ಸಲ ಪ್ರಯತ್ನಿಸಿ ಹತ್ತದಿದ್ದರೆ ನಿಲ್ಲಿಸಿ, ಬಾಗಿಲು ಕಿಟಕಿ ತೆರೆದು ಐದು ನಿಮಿಷ ಕಾಯಿರಿ. ಒಳಗೆ ಸೇರಿದ ಗ್ಯಾಸಿಗೆ ನಾಲ್ಕನೇ ಕಿಡಿ ಬಿದ್ದರೆ ದೊಡ್ಡ ಭುಗಿಲು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೇ ಮಲಗಿರುತ್ತದೆ. ವಾಸನೆ ಬಂದರೆ ಎಕ್ಸಾಸ್ಟ್ ಫ್ಯಾನ್, ಲೈಟ್ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906.

ಹತ್ತಿ ಕೆಲವೇ ಸೆಕೆಂಡಿನಲ್ಲಿ ಆರುತ್ತಿದ್ದರೆ ಫ್ಲೇಮ್ ಸೆನ್ಸರಿನ ಕಡ್ಡಿ ನೋಡಿ. ಮಸಿ ಒರೆಸಿ, ತುದಿ ಬೆಂಕಿಯೊಳಗೆ ಬರುವ ಹಾಗೆ ಇದೆಯೇ ಗಮನಿಸಿ.

ಎಂಟು ನಿಮಿಷಕ್ಕೆ ಆರುವ ಗೀಸರ್

ಬಿಲ್ಲೆ ಸರಿಯಾಗಿ ಒಂದು ವಾರಕ್ಕೆ ಇನ್ನೊಂದು ತಕರಾರು ಬಂತು. ಹತ್ತುತ್ತದೆ, ಚೆನ್ನಾಗಿ ಉರಿಯುತ್ತದೆ, ಏಳೆಂಟು ನಿಮಿಷಕ್ಕೆ ಆರಿಹೋಗುತ್ತದೆ. ಹಿಂದೆ ನೀರು ಸರಿಯಾಗಿ ಬರದೇ ಯಾರೂ ಅಷ್ಟು ಹೊತ್ತು ಒಂದೇ ಸಮ ಉರಿಸಿರಲೇ ಇಲ್ಲ, ಅದಕ್ಕೆ ಗೊತ್ತಾಗಿರಲಿಲ್ಲ.

ರಿಪೇರಿಯವರೊಬ್ಬರನ್ನು ಕರೆದೆ. ತಗಡು ಬಿಚ್ಚಿದರು. ತಾಮ್ರದ ಕೊಳವೆಯ ಮೇಲೆ ಕೂತಿರುವ ಬಟನ್ನಿನಂಥ ಸೆನ್ಸರ್ ತೋರಿಸಿ, "ಸರ್, ಇದರ ಎರಡು ವೈರ್ ಕಿತ್ತು ಜಾಯಿಂಟ್ ಮಾಡ್ಬಿಡ್ತೀನಿ, ಇನ್ನು ಆಫ್ ಆಗಲ್ಲ" ಅಂದರು. ಅದು ನೀರು ಅತಿಯಾಗಿ ಕಾದರೆ ಗ್ಯಾಸ್ ನಿಲ್ಲಿಸುವ ಸೆನ್ಸರ್. ಬೇಡ ಅಂದೆ. ಬಂದ ಚಾರ್ಜ್ ಕೊಟ್ಟು ಕಳಿಸಿದೆ.

ಮಧ್ಯದಲ್ಲಿ ಆರಲು ಮೂರು ಕಾರಣ ಇರಬಹುದು. ಕೆಲವು ಗೀಸರ್‌ಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ಟೈಮರ್ ಇದೆ. ಅದಾದರೆ ಪ್ರತಿ ಸಲ ಅದೇ ನಿಮಿಷಕ್ಕೆ ಆರುತ್ತದೆ, ನಲ್ಲಿ ಮುಚ್ಚಿ ತೆರೆದರೆ ಮತ್ತೆ ಹತ್ತುತ್ತದೆ. ಎರಡನೆಯದು ಅತಿ ಕಾವು: ಆರುವ ಮುಂಚೆ ನೀರು ಕೈ ಸುಡುತ್ತದೆ, ಸ್ವಲ್ಪ ಹೊತ್ತು ತಣಿಯುವವರೆಗೆ ಮತ್ತೆ ಹತ್ತುವುದಿಲ್ಲ. ನೀರಿನ ಹರಿವು ಕಮ್ಮಿ, ಅಥವಾ ಕೊಳವೆಯೊಳಗೆ ಕಲ್ಲು ಕಟ್ಟಿದೆ. ಮೂರನೆಯದು ಗಾಳಿ.

ನಮ್ಮ ಗೀಸರ್ ಬಚ್ಚಲೊಳಗೇ ಇತ್ತು. ಹಿಂದಿನ ಬಾಡಿಗೆದಾರರು ಹಾಕಿಸಿದ್ದು. ನಾನು ಯಾರನ್ನೂ ಒಳಗೆ ಬಿಡದೆ, ಬಾಗಿಲು ಪೂರ್ತಿ ತೆರೆದಿಟ್ಟು, ಹೊರಗೆ ನಿಂತು ನೀರು ಬಿಟ್ಟೆ. ಹದಿನೈದು ನಿಮಿಷ ನೀಲಿಯಾಗಿ ಉರಿಯಿತು, ಆರಲಿಲ್ಲ. ಮರುದಿನ ನಲ್ಲಿ ತೆರೆದು ನಾನು ಹೊರಗೆ ಬಂದು ಬಾಗಿಲು ಮುಚ್ಚಿ ವೆಂಟಿಲೇಟರಿನ ಗಾಜಿನಿಂದ ನೋಡಿದೆ. ಐದಾರು ನಿಮಿಷಕ್ಕೆ ನೀಲಿ ಹೋಗಿ ತುದಿ ಹಳದಿಯಾಗಿ, ಬೆಂಕಿ ಬರ್ನರಿನಿಂದ ಮೇಲೆದ್ದು ಓಲಾಡತೊಡಗಿತು. ಆಮೇಲೆ ಆರಿತು. ಓಲಾಡುವ ಬೆಂಕಿ ಸೆನ್ಸರಿನ ಕಡ್ಡಿಗೆ ತಾಗದೆ ಗ್ಯಾಸ್ ನಿಂತಿತ್ತು. ಗೀಸರಿನಲ್ಲಿ ದೋಷವೇ ಇರಲಿಲ್ಲ. ಆ ಕೋಣೆಯಲ್ಲಿ ಉಸಿರಾಡುವ ಗಾಳಿ ಮುಗಿಯುತ್ತಾ ಬಂದಿತ್ತು.

ಲೆಕ್ಕ ಹಾಕಿದರೆ ಎದೆ ಧಸಕ್ ಅನ್ನುತ್ತದೆ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಬಿಸಿ ಏರಿಸುವ ಗೀಸರ್ ಗಂಟೆಗೆ ಸುಮಾರು 1 ಕಿಲೋ ಎಲ್‌ಪಿಜಿ ಉರಿಸುತ್ತದೆ. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಹದಿನೈದು ಕಿಲೋಗೂ ಜಾಸ್ತಿ ಗಾಳಿ ಬೇಕು, ಅಂದರೆ ಹೆಚ್ಚುಕಮ್ಮಿ 12–13 ಘನ ಮೀಟರ್. ನಮ್ಮ ಬಚ್ಚಲು 5 ಅಡಿ, 7 ಅಡಿ, ಎತ್ತರ 9 ಅಡಿ. ಒಟ್ಟು 9 ಘನ ಮೀಟರ್. ಹದಿನೈದು ನಿಮಿಷದ ಸ್ನಾನಕ್ಕೆ ಮೂರು ಘನ ಮೀಟರ್, ಅಂದರೆ ಕೋಣೆಯ ಮೂರನೇ ಒಂದು ಪಾಲು ಗಾಳಿ ಗೀಸರಿನ ಹೊಟ್ಟೆಗೆ. ಮಿಕ್ಕಿದ್ದರಲ್ಲಿ ಅದೇ ಹೊಗೆ ಬೆರೆತಿರುತ್ತದೆ.

ಗಾಳಿ ಸಾಲದೆ ಅರೆಬರೆ ಉರಿದಾಗ ಬರುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸ್ ವಾಸನೆ ಬರಲಿಲ್ಲ, ಹಾಗಾಗಿ ತೊಂದರೆ ಇಲ್ಲ ಅಂದುಕೊಳ್ಳುವುದು ದೊಡ್ಡ ತಪ್ಪು. ಸಿಲಿಂಡರಿನ ವಾಸನೆ ಬೇಕೆಂದೇ ಬೆರೆಸಿದ್ದು, ಬೆಂಕಿಯಲ್ಲಿ ಅದೂ ಉರಿದುಹೋಗುತ್ತದೆ. ಅಜ್ಜಿ ಮನೆಯ ಹಂಡೆ ಒಲೆ ಇಷ್ಟು ಮೋಸ ಮಾಡುತ್ತಿರಲಿಲ್ಲ. ಹೊಗೆ ಕಣ್ಣಿಗೆ ಹತ್ತಿ, ಕೆಮ್ಮು ಬಂದು, ನೀವೇ ಎದ್ದು ಓಡುತ್ತಿದ್ದಿರಿ. ಇದು ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋಲುವುದರಿಂದ ಶುರುವಾಗುತ್ತದೆ. ಬಿಸಿನೀರಿನಲ್ಲಿ ತುಂಬಾ ಹೊತ್ತು ಇದ್ದೆ, ಅದಕ್ಕೆ ಅಂದುಕೊಳ್ಳುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ಮೇಲಾಗಿ ಎಲ್ಲ ಗೀಸರೂ ನಮ್ಮದರ ಹಾಗೆ ಸಮಯಕ್ಕೆ ಆರುತ್ತದೆ ಅಂತ ನಂಬುವಂತಿಲ್ಲ. ಹಳದಿ ಬೆಂಕಿಯಲ್ಲೇ ಉರಿಯುತ್ತಾ ಇರಬಹುದು. ತಗಡಿನ ಮೇಲ್ಭಾಗದಲ್ಲಿ, ಗೋಡೆಯಲ್ಲಿ ಮಸಿ ಕಾಣುತ್ತಿದೆಯೇ? ಹಾಗಿದ್ದರೆ ಅದು ಈಗಾಗಲೇ ಅರೆಬರೆ ಉರಿಯುತ್ತಿದೆ.

ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ತೆಗೆದು ಅಥವಾ ಒಡೆದು, ಅವರನ್ನು ಬೇಗ ಬಯಲ ಗಾಳಿಗೆ ಎಳೆದು ತನ್ನಿ, ಗ್ಯಾಸ್ ಮುಚ್ಚಿ, 108ಕ್ಕೆ ಫೋನ್ ಮಾಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಕ್ಸಿಜನ್ ಇರುವ ರಕ್ತ ಅಂತಲೇ ಓದುತ್ತದೆ. ಡಾಕ್ಟರಿಗೆ "ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರೀತಿತ್ತು" ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಬಿಪಿ, ಫಿಟ್ಸ್ ಅಂತ ಬೇರೆ ದಾರಿಯಲ್ಲಿ ಹುಡುಕುತ್ತಾ ಹೊತ್ತು ಹೋಗುತ್ತದೆ.

ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಲದೇ ಅಂತ ಅಮ್ಮ ಕೇಳಿದರು. ಹೊರಗೆ ಎಳೆದಷ್ಟು ಗಾಳಿ ಒಳಗೆ ಬರಲು ಕೆಳಗೆ ದಾರಿ ಇರಬೇಕು. ನಮ್ಮ ಬಾಗಿಲು ತೇವಕ್ಕೆ ಉಬ್ಬಿ ಬಿಗಿಯಾಗಿ ಕೂರುತ್ತದೆ. ಮೇಲಾಗಿ ಫ್ಯಾನ್ ಹಾಕಲು ಮರೆಯುವ ಒಂದು ದಿನ ಬಂದೇ ಬರುತ್ತದೆ, ಕರೆಂಟ್ ಹೋಗುವ ದಿನವೂ ಬರುತ್ತದೆ. ಅದಕ್ಕೆ ಗೀಸರನ್ನೇ ಹೊರಗೆ ಹಾಕಿಸಿದೆವು, ಗೋಡೆಯ ಆಚೆ ಬದಿಯ ತೆರೆದ ಯುಟಿಲಿಟಿಗೆ. ಬಟ್ಟೆ ಒಣಹಾಕುವ ತಂತಿಯಿಂದ ದೂರ, ಮಳೆ ಬೀಳದ ಮೂಲೆಯಲ್ಲಿ. ಗೋಡೆಗೆ ಒಂದು ತೂತು, ಬಿಸಿನೀರು ತಡೆಯುವ ಮೂರು ಮೀಟರ್ ಪೈಪು, ಪ್ಲಂಬರಿನ ಅರ್ಧ ದಿನದ ಕೂಲಿ. ತೆರೆದ ಜಾಗದಲ್ಲಿ ಗಾಳಿ ಜೋರಾಗಿ ಬೀಸಿದ ದಿನ ಬೆಂಕಿ ಅಲುಗಾಡಿ ಒಂದೆರಡು ಸಲ ಆರಿತು. ಪಕ್ಕಕ್ಕೆ ಒಂದು ತಗಡಿನ ಮರೆ ಕಟ್ಟಿದ ಮೇಲೆ ಅದೂ ನಿಂತಿತು. ಮೇಲ್ಗಡೆ ಹೊಗೆ ಹೋಗುವ ಬಾಯಿ ಮಾತ್ರ ಮುಚ್ಚಿಲ್ಲ.

ಪೈಪು ಉದ್ದವಾಗಿದ್ದರಿಂದ ಮೊದಲ ಒಂದು ಚೊಂಬು ತಣ್ಣೀರೇ ಬರುತ್ತದೆ. ಅದನ್ನು ಬಕೆಟ್ಟಿಗೆ ಹಿಡಿದು ಅಮ್ಮ ಯುಟಿಲಿಟಿಯ ತುಳಸಿ ಗಿಡಕ್ಕೆ ಹಾಕುತ್ತಾರೆ. ಅಲ್ಲಿ ನಿಂತಾಗ ಟಿಕ್ ಟಿಕ್ ಕೇಳಿಸಿತಾ ಇಲ್ವಾ ಅಂತಲೂ ಅವರೇ ಕೂಗಿ ಹೇಳುತ್ತಾರೆ.